ಮೂರನೇ ಜೆರಾಕ್ಸ್‌ನಲ್ಲೂ ಓದಲು ಬರುವ ಬಜೆಟ್ ಚಾರ್ಟ್

ಗ್ರಾಮ ಪಂಚಾಯಿತಿಯ ಬಜೆಟ್ ವರದಿ ತಯಾರಾಗುವುದು ಕಂಪ್ಯೂಟರ್ ಪರದೆಯ ಮೇಲೆ, ಬಣ್ಣಬಣ್ಣವಾಗಿ. ಜನರ ಕೈಗೆ ಬರುವುದು ಮಾತ್ರ ಕಪ್ಪು ಬಿಳುಪು ಜೆರಾಕ್ಸ್. ಬೇಲೂರು, ಆಲೂರು, ಸಕಲೇಶಪುರ, ಯಾವ ಕಡೆ ನೋಡಿದರೂ ಸಾಮಾನ್ಯವಾಗಿ ಇದೇ ದಾರಿ. ಕಚೇರಿಯಲ್ಲಿ ಒಂದು ಪ್ರಿಂಟ್ ತೆಗೆಯುತ್ತಾರೆ. ಅದನ್ನು ಸದಸ್ಯರಿಗೆಲ್ಲ ಜೆರಾಕ್ಸ್ ಮಾಡಿಸುತ್ತಾರೆ. ಸದಸ್ಯರೊಬ್ಬರು ತಮ್ಮ ಪ್ರತಿಯನ್ನೇ ಊರಿನ ನಾಲ್ಕು ಜನಕ್ಕೆ ಮತ್ತೆ ಜೆರಾಕ್ಸ್ ಮಾಡಿಸುತ್ತಾರೆ. ಗ್ರಾಮ ಸಭೆಯಲ್ಲಿ ಎದ್ದು ನಿಂತು ಪ್ರಶ್ನೆ ಕೇಳುವವರ ಕೈಯಲ್ಲಿ ಇರುವುದು ಎಷ್ಟೋ ಸಲ ಆ ಜೆರಾಕ್ಸಿನ ಜೆರಾಕ್ಸು.

ಚಾರ್ಟ್ ಮಾಡಬೇಕಾದ್ದು ಆ ಪ್ರತಿಗೆ. ಪರದೆಗೆ ಅಲ್ಲ, ಅಧ್ಯಕ್ಷರ ಮೇಜಿಗೆ ಹೋಗುವ ಬಣ್ಣದ ಪ್ರಿಂಟಿಗೂ ಅಲ್ಲ. ಇದರ ಜೊತೆಗೆ ಇನ್ನೊಂದು ವಿಷಯ ಇದೆ. ಆ ಬಣ್ಣದ ಪ್ರಿಂಟನ್ನೇ ನೋಡುವವರಲ್ಲೂ ಕೆಂಪು ಹಸಿರು ಸರಿಯಾಗಿ ಬೇರೆ ಮಾಡಲಾಗದವರು ಇರುತ್ತಾರೆ. ಇವೆರಡೂ ಬೇರೆ ಬೇರೆ ತೊಂದರೆ ಅನ್ನಿಸುತ್ತದೆ, ಅಲ್ವಾ? ಆದರೆ ಎರಡಕ್ಕೂ ಹೆಚ್ಚುಕಡಿಮೆ ಒಂದೇ ಮದ್ದು. ಚಾರ್ಟಿನಲ್ಲಿ ಯಾವ ಬಣ್ಣ ಅನ್ನುವುದಕ್ಕಿಂತ ಎಷ್ಟು ಕಡು, ಎಷ್ಟು ತಿಳಿ ಅನ್ನುವುದನ್ನು ನೋಡಿ ಆರಿಸಬೇಕು. ಇದು ಹೇಗೆ ಅನ್ನುವುದನ್ನು ಒಂದು ಉದಾಹರಣೆ ಹಿಡಿದು ಕೊನೆಯವರೆಗೂ ನೋಡೋಣ.

ಬಣ್ಣ ಬೂದಿಯಾಗುವ ಲೆಕ್ಕ

ಕಂಪ್ಯೂಟರಿನಲ್ಲಿ ಪ್ರತಿ ಬಣ್ಣಕ್ಕೂ ಮೂರು ಸಂಖ್ಯೆ ಇರುತ್ತವೆ. ಕೆಂಪು ಎಷ್ಟು, ಹಸಿರು ಎಷ್ಟು, ನೀಲಿ ಎಷ್ಟು ಅಂತ, ಒಂದೊಂದೂ 0ಯಿಂದ 255ರವರೆಗೆ. ಬಣ್ಣವನ್ನು ಬೂದುಬಣ್ಣಕ್ಕೆ ಇಳಿಸುವಾಗ ಈ ಮೂರಕ್ಕೂ ಒಂದೇ ತೂಕ ಕೊಡುವುದಿಲ್ಲ. ನಮ್ಮ ಕಣ್ಣಿಗೆ ಹಸಿರು ಜಾಸ್ತಿ ಬೆಳಕಾಗಿ ಕಾಣುತ್ತದೆ, ನೀಲಿ ತುಂಬಾ ಕಡಿಮೆ. ಅದಕ್ಕೆ ತಕ್ಕ ಹಾಗೆ ಒಂದು ಹಳೆಯ ಸೂತ್ರ ಇದೆ. ಎಕ್ಸೆಲ್‌ನಲ್ಲಿ A2, B2, C2 ಮನೆಗಳಲ್ಲಿ ಕೆಂಪು, ಹಸಿರು, ನೀಲಿ ಸಂಖ್ಯೆ ಬರೆದು ಹೀಗೆ ಹಾಕಬಹುದು:

```
=0.299*A2+0.587*B2+0.114*C2
```

ಉತ್ತರ 0 ಬಂದರೆ ಪೂರ್ತಿ ಕಪ್ಪು, 255 ಬಂದರೆ ಪೂರ್ತಿ ಬಿಳಿ. ಈಗ ಅಚ್ಚ ಕೆಂಪನ್ನು ಹಾಕಿ ನೋಡಿ, 255, 0, 0. ಉತ್ತರ 76. ಕಡು ಹಸಿರನ್ನು ಹಾಕಿ, 0, 128, 0. ಉತ್ತರ 75. ಕೆಂಪು ಬಾರ್ ಎಂದರೆ ಖರ್ಚು ಮೀರಿದೆ, ಹಸಿರು ಬಾರ್ ಎಂದರೆ ಮಿತಿಯಲ್ಲಿದೆ ಅಂತ ಮಾಡಿದ ಚಾರ್ಟು ಜೆರಾಕ್ಸ್ ಆದ ಕ್ಷಣ ಏನಾಗುತ್ತದೆ ಅನ್ನುವುದು ಈ ಎರಡು ಸಂಖ್ಯೆಯಲ್ಲೇ ಇದೆ. ಎರಡೂ ಒಂದೇ ಬೂದು. ಮೀರಿದ್ದು ಯಾವುದು, ಮೀರದಿದ್ದು ಯಾವುದು ಅಂತ ಯಾರಿಗೂ ಹೇಳಲಾಗುವುದಿಲ್ಲ.

ಇದು ನಾವು ಕೈಯಾರೆ ಆರಿಸಿದ ಬಣ್ಣದ ಕಥೆ. ನಾವೇನೂ ಆರಿಸದೆ ಎಕ್ಸೆಲ್ ಕೊಟ್ಟಿದ್ದನ್ನೇ ಬಿಟ್ಟರೂ ಪರಿಸ್ಥಿತಿ ಉತ್ತಮವಾಗಿಲ್ಲ. ಎಷ್ಟೋ ಕಚೇರಿಗಳಲ್ಲಿ ಈಗಲೂ ಇರುವ 2016, 2019ರ ಎಕ್ಸೆಲ್ ಆರು ಬಣ್ಣಗಳನ್ನು ತಾನೇ ಹಾಕುತ್ತದೆ: ನೀಲಿ, ಕಿತ್ತಳೆ, ಬೂದು, ಅರಿಶಿನದ ಹಳದಿ, ತಿಳಿನೀಲಿ, ಹಸಿರು. ಇವನ್ನು ಅದೇ ಸೂತ್ರಕ್ಕೆ ಹಾಕಿದರೆ ಕ್ರಮವಾಗಿ 110, 150, 165, 189, 142, 143 ಬರುತ್ತದೆ. ಕೊನೆಯ ಎರಡನ್ನು ನೋಡಿ. ತಿಳಿನೀಲಿ 142, ಹಸಿರು 143. ಪಕ್ಕಪಕ್ಕದಲ್ಲಿ ಬರುವ ಎರಡು ಬಣ್ಣ, ಬೂದಿಗೆ ಇಳಿದಾಗ ಒಂದೇ. ಕಿತ್ತಳೆಯ 150 ಕೂಡ ಅವುಗಳ ಹತ್ತಿರವೇ ಇದೆ.

ಒಂದು ಪಂಚಾಯಿತಿಯ ಲೆಕ್ಕ

ಸಕಲೇಶಪುರ ತಾಲ್ಲೂಕಿನ ಒಂದು ಪಂಚಾಯಿತಿ ಅಂದುಕೊಳ್ಳಿ. ಅಂಕಿಗಳು ಉದಾಹರಣೆಗೆ ನಾನು ಹಾಕಿದವು, ಯಾವ ಊರಿನದ್ದೂ ಅಲ್ಲ. ಎಲ್ಲವೂ ಲಕ್ಷ ರೂಪಾಯಿಯಲ್ಲಿ.

| ಬಾಬ್ತು | ಅಂದಾಜು | ಆದ ಖರ್ಚು |
|---|---|---|
| ಕುಡಿಯುವ ನೀರು | 18.0 | 21.5 |
| ರಸ್ತೆ, ಚರಂಡಿ | 24.0 | 16.2 |
| ನೈರ್ಮಲ್ಯ | 9.0 | 8.4 |
| ಬೀದಿ ದೀಪ | 6.5 | 7.1 |
| ಸಿಬ್ಬಂದಿ ವೇತನ | 14.0 | 13.8 |
| ಕಚೇರಿ ಖರ್ಚು | 3.5 | 3.9 |
| ಒಟ್ಟು | 75.0 | 70.9 |

ಇದಕ್ಕೆ ಬಹಳಷ್ಟು ಜನ ಮೊದಲು ಮಾಡುವುದು ಪೈ ಚಾರ್ಟ್. ಅಂದಾಜಿನ ಕಾಲಂ ಆರಿಸಿ, ಪೈ ಒತ್ತಿದರೆ ಆಯಿತು. ದುಂಡಗೆ, ಚೆಂದವಾಗಿ ಬರುತ್ತದೆ. ಕೆಳಗೆ ಆರು ಪುಟ್ಟ ಬಣ್ಣದ ಚೌಕ, ಪಕ್ಕದಲ್ಲಿ ಬಾಬ್ತಿನ ಹೆಸರು. ಓದುವವರು ಚೂರಿನ ಬಣ್ಣ ನೋಡಿ, ಕೆಳಗಿನ ಚೌಕದಲ್ಲಿ ಅದೇ ಬಣ್ಣ ಹುಡುಕಿ, ಹೆಸರು ತಿಳಿದುಕೊಳ್ಳಬೇಕು.

ಈಗ ಬಣ್ಣ ತೆಗೆದುಬಿಡಿ. ಐದನೇ ಚೂರು ಸಿಬ್ಬಂದಿ ವೇತನ, ತಿಳಿನೀಲಿ, 142. ಆರನೆಯದು ಕಚೇರಿ ಖರ್ಚು, ಹಸಿರು, 143. ಚೂರುಗಳ ನಡುವೆ ಬಿಳಿ ಗೆರೆ ಇರುವುದರಿಂದ ಎರಡು ಚೂರು ಇವೆ ಅನ್ನುವುದೇನೋ ಗೊತ್ತಾಗುತ್ತದೆ. ಯಾವುದು ಯಾವುದು ಅನ್ನುವುದು ಗೊತ್ತಾಗುವುದಿಲ್ಲ. ದೊಡ್ಡ ಚೂರು 14 ಲಕ್ಷದ್ದು, ಸಣ್ಣದು ಮೂರೂವರೆ ಲಕ್ಷದ್ದು. ಒಬ್ಬರು ದೊಡ್ಡದನ್ನು ಕಚೇರಿ ಖರ್ಚು ಅಂತ ಓದಿಕೊಂಡರೆ, "ಕಚೇರಿಗೇ 14 ಲಕ್ಷ ಬೇಕೇನ್ರೀ?" ಅಂತ ಕೇಳುವುದು ಸಹಜ. ಅವರ ಪ್ರಶ್ನೆಯಲ್ಲಿ ತಪ್ಪಿಲ್ಲ. ಅವರ ಕೈಯಲ್ಲಿರುವ ಕಾಗದ ಹಾಗೇ ಹೇಳುತ್ತಿದೆ. ಪಿಡಿಒ ಅದಕ್ಕೆ ಉತ್ತರ ಕೊಟ್ಟು ಮುಗಿಸುವ ಹೊತ್ತಿಗೆ ನಿಜವಾಗಿ ಚರ್ಚೆ ಆಗಬೇಕಾದ ವಿಷಯ, ಅಂದರೆ ರಸ್ತೆಗೆ ಇಟ್ಟ 24 ಲಕ್ಷದಲ್ಲಿ 7.8 ಲಕ್ಷ ಖರ್ಚೇ ಆಗಿಲ್ಲ ಅನ್ನುವುದು, ಹಿಂದೆ ಬಿದ್ದಿರುತ್ತದೆ.

ಇನ್ನು ಬಣ್ಣದ ಪ್ರತಿಯನ್ನೇ ನೋಡುವವರ ಮಾತು. ನಮ್ಮ ಕಣ್ಣಿನೊಳಗೆ ಬಣ್ಣ ಹಿಡಿಯುವ ಕೋಶಗಳು ಮೂರು ಬಗೆ. ಕೆಂಪು ಹಸಿರಿನ ಕಡೆ ಕೆಲಸ ಮಾಡುವ ಎರಡರಲ್ಲಿ ಒಂದು ಇಲ್ಲದಿದ್ದರೆ, ಅಥವಾ ಸರಿಯಾಗಿ ಕೆಲಸ ಮಾಡದಿದ್ದರೆ, ಆ ಬಣ್ಣಗಳು ಒಂದರೊಳಗೊಂದು ಬೆರೆತ ಹಾಗೆ ಕಾಣುತ್ತವೆ. ಇದಕ್ಕೆ ಕಾರಣವಾದ ಜೀನ್ ಎಕ್ಸ್ ವರ್ಣತಂತುವಿನಲ್ಲಿ ಇರುವುದರಿಂದ ಗಂಡಸರಲ್ಲೇ ಜಾಸ್ತಿ. ಯುರೋಪ್ ಮೂಲದ ಗಂಡಸರಲ್ಲಿ ಸುಮಾರು 12 ಜನರಲ್ಲಿ ಒಬ್ಬರಿಗೆ ಇದು ಇದೆ, ಹೆಂಗಸರಲ್ಲಿ ಸುಮಾರು 200ರಲ್ಲಿ ಒಬ್ಬರಿಗೆ. ನಮ್ಮ ದೇಶದಲ್ಲಿ ಪ್ರಮಾಣ ಅದಕ್ಕಿಂತ ಕಡಿಮೆ, ಆದರೆ ಇಲ್ಲದೇ ಇಲ್ಲ. ಕಾಫಿ ತೋಟದಲ್ಲಿ ಹಣ್ಣು ಬಿಡಿಸುವಾಗ ಕೆಂಪು ಹಣ್ಣು ಯಾವುದು, ಹಸಿರು ಕಾಯಿ ಯಾವುದು ಅಂತ ದೂರದಿಂದ ಗುರುತಿಸಲು ಕಷ್ಟಪಡುವವರು ಇದ್ದರೆ ಕಾರಣ ಇದೇ ಇರಬಹುದು. ಎಷ್ಟೋ ಜನಕ್ಕೆ ತಮಗೆ ಹೀಗಿದೆ ಅಂತಲೇ ಗೊತ್ತಿರುವುದಿಲ್ಲ. ಹಾಗಾಗಿ ಕೇಳಿ ತಿಳಿದು ಚಾರ್ಟ್ ಮಾಡೋಣ ಅನ್ನುವಂತಿಲ್ಲ.

ಇವರಿಗೂ ಕಡು ಮತ್ತು ತಿಳಿಯ ವ್ಯತ್ಯಾಸ ಚೆನ್ನಾಗಿಯೇ ಕಾಣುತ್ತದೆ. ಬಿಳಿಯ ಪಕ್ಕ ಕಪ್ಪು ಯಾರಿಗೂ ಬೆರೆಯುವುದಿಲ್ಲ. ಆದ್ದರಿಂದಲೇ ಜೆರಾಕ್ಸಿಗೆ ಉಳಿಯುವಂತೆ ಮಾಡಿದ ಚಾರ್ಟು ಬಣ್ಣಗುರುಡು ಇರುವವರಿಗೂ ಸರಿಹೋಗುತ್ತದೆ. ಒಂದೇ ಒಂದು ಎಚ್ಚರ ಕೆಂಪಿನದು. ಬಣ್ಣಗುರುಡಿನ ಒಂದು ಬಗೆಯಲ್ಲಿ ಕೆಂಪು ಬೇರೆಯವರಿಗಿಂತ ತುಂಬಾ ಕಡುವಾಗಿ, ಕಪ್ಪಿನ ಹತ್ತಿರ ಕಾಣುತ್ತದೆ. ಕಪ್ಪು ಅಂಕಿಗಳ ನಡುವೆ ಒಂದು ಅಂಕಿಯನ್ನು ಕೆಂಪಲ್ಲಿ ಹಾಕಿದರೆ ಅವರಿಗೆ ಅದು ಬೇರೆ ಅಂತ ಅನ್ನಿಸುವುದೇ ಇಲ್ಲ.

ಆದರೆ ಇದನ್ನು ತಿರುಗಿಸಿ ಹೇಳುವ ಹಾಗಿಲ್ಲ. ಬಣ್ಣಗುರುಡಿಗೆ ಸರಿಹೋಗುವ ಬಣ್ಣಗಳೆಲ್ಲ ಜೆರಾಕ್ಸಿಗೆ ಸರಿಹೋಗುತ್ತವೆ ಅನ್ನುವುದು ತಪ್ಪು, ಮತ್ತು ಈ ತಪ್ಪನ್ನು ತಿಳಿದವರೂ ಮಾಡುತ್ತಾರೆ. ಜಪಾನಿನ ಮಸತಾಕ ಒಕಾಬೆ ಮತ್ತು ಕೇ ಇಟೊ ಆರಿಸಿಕೊಟ್ಟ ಎಂಟು ಬಣ್ಣಗಳ ಒಂದು ಗುಂಪು ಇದೆ. ಬಣ್ಣಗುರುಡು ಇರುವವರಿಗೆ ಬೆರೆಯದ ಬಣ್ಣಗಳು ಅಂತ ಅದಕ್ಕೆ ತುಂಬಾ ಹೆಸರು, ಮತ್ತು ಆ ಕೆಲಸಕ್ಕೆ ಅದು ನಿಜವಾಗಿಯೂ ಒಳ್ಳೆಯದು. ಅದರಲ್ಲಿನ ಕಿತ್ತಳೆ 230, 159, 0. ತಿಳಿನೀಲಿ 86, 180, 233. ಸೂತ್ರಕ್ಕೆ ಹಾಕಿದರೆ ಕಿತ್ತಳೆ 162, ತಿಳಿನೀಲಿ 158. ಪರದೆಯ ಮೇಲೆ ಯಾರಿಗೂ ಬೆರೆಯದ ಜೋಡಿ, ಜೆರಾಕ್ಸಿನಲ್ಲಿ ಎಲ್ಲರಿಗೂ ಬೆರೆಯುತ್ತದೆ.

ಬಣ್ಣ ಬೇಕೇ ಬೇಕು ಅನ್ನುವವರಿಗೆ ಸಿಂಥಿಯಾ ಬ್ರೂವರ್ ಮಾಡಿದ ಕಲರ್‌ಬ್ರೂವರ್ ಎಂಬ ಜಾಲತಾಣ ಇದೆ, `colorbrewer2.org`. ನಕ್ಷೆಗಳಿಗೆ ಅಂತ ಮಾಡಿದ್ದು, ಚಾರ್ಟಿಗೂ ಆಗುತ್ತದೆ. ಅಲ್ಲಿ `colorblind safe`, `print friendly`, `photocopy safe` ಅಂತ ಮೂರು ಟಿಕ್ ಮನೆಗಳಿವೆ. ಮೂರನ್ನೂ ಬೇರೆ ಬೇರೆ ಇಟ್ಟಿರುವುದೇ ನಾವು ಗಮನಿಸಬೇಕಾದ್ದು. ಒಂದೇ ಬಣ್ಣದ ತಿಳಿಯಿಂದ ಕಡುವಿಗೆ ಏರುವ ಸಾಲು, ಅಂದರೆ ತಿಳಿನೀಲಿ, ನಡುನೀಲಿ, ಕಡುನೀಲಿ ಇಂಥವು, ಜೆರಾಕ್ಸಿಗೆ ತಡೆಯುತ್ತವೆ. ಎರಡು ತುದಿಯಲ್ಲೂ ಕಡು, ನಡುವೆ ತಿಳಿ ಇರುವ ಸಾಲು ತಡೆಯುವುದಿಲ್ಲ. ಕಡುಕೆಂಪು ತುದಿ ಮತ್ತು ಕಡುನೀಲಿ ತುದಿ ಎರಡೂ ಒಂದೇ ಕಡುಬೂದು ಆಗುತ್ತವೆ, ನಷ್ಟ ಯಾವುದು, ಉಳಿತಾಯ ಯಾವುದು ಗೊತ್ತಾಗುವುದಿಲ್ಲ.

ಬೂದುಬಣ್ಣವನ್ನೂ ನಂಬುವ ಹಾಗಿಲ್ಲ

ಹಾಗಾದರೆ ಮೊದಲೇ ಬೂದುಬಣ್ಣದಲ್ಲಿ ಮಾಡಿಬಿಡೋಣ, ಆರು ಬಾಬ್ತಿಗೆ ಆರು ಬೂದು ಅಂತ ಅನ್ನಿಸಬಹುದು. ಅದೂ ನಡೆಯುವುದಿಲ್ಲ. ಕಾರಣ ಯಂತ್ರ ಕೆಲಸ ಮಾಡುವ ರೀತಿಯಲ್ಲಿದೆ.

ಕಪ್ಪು ಬಿಳುಪು ಲೇಸರ್ ಪ್ರಿಂಟರಿನಲ್ಲಿ ಇರುವುದು ಕಪ್ಪು ಪುಡಿ ಒಂದೇ. ಬೂದು ಅಂತ ಬೇರೆ ಪುಡಿ ಇಲ್ಲ. ಬೂದು ಬೇಕಾದಾಗ ಅದು ಸಣ್ಣ ಸಣ್ಣ ಕಪ್ಪು ಚುಕ್ಕೆ ಹಾಕುತ್ತದೆ, ನಡುವೆ ಬಿಳಿ ಜಾಗ ಬಿಡುತ್ತದೆ. ತಿಳಿಬೂದಿಗೆ ಚುಕ್ಕೆ ಸಣ್ಣವು, ಕಡುಬೂದಿಗೆ ದೊಡ್ಡವು. ಭೂತಗನ್ನಡಿ ಹಿಡಿದರೆ ಚೆನ್ನಾಗಿ ಕಾಣುತ್ತದೆ. ಈ ಕಾಗದ ಜೆರಾಕ್ಸ್ ಯಂತ್ರಕ್ಕೆ ಹೋದಾಗ ಅದು ಚುಕ್ಕೆಗಳನ್ನು ಓದಿ, ತನ್ನದೇ ಚುಕ್ಕೆಗಳಲ್ಲಿ ಮತ್ತೆ ಬರೆಯುತ್ತದೆ. ಎರಡು ಚುಕ್ಕೆಯ ಸಾಲುಗಳು ಸರಿಯಾಗಿ ಕೂಡದಿದ್ದರೆ ಅಲೆಅಲೆಯಾದ ಗುರುತು ಮೂಡುತ್ತದೆ.

ಜೊತೆಗೆ ಯಂತ್ರದಲ್ಲಿ ಟೆಕ್ಸ್ಟ್, ಫೋಟೋ, ಎರಡೂ ಸೇರಿದ್ದು ಅಂತ ಬೇರೆ ಬೇರೆ ಮೋಡ್ ಇರುತ್ತವೆ. ಟೆಕ್ಸ್ಟ್ ಮೋಡಿನ ಕೆಲಸ ಅಕ್ಷರವನ್ನು ಕಪ್ಪಾಗಿಸುವುದು, ಹಿನ್ನೆಲೆಯನ್ನು ಬಿಳಿಯಾಗಿಸುವುದು. ಆ ಕೆಲಸದಲ್ಲಿ ತಿಳಿಬೂದು ಅಳಿಸಿಹೋಗುತ್ತದೆ, ಕಡುಬೂದು ಕಪ್ಪಾಗುತ್ತದೆ. ನಡುವಿನದು ಯಾವ ಕಡೆಗಾದರೂ ವಾಲಬಹುದು. ಒಂದು ಜೆರಾಕ್ಸಿಗೆ ಸ್ವಲ್ಪ ವಾಲಿದ್ದು ಎರಡನೆಯದಕ್ಕೆ ಇನ್ನೂ ವಾಲುತ್ತದೆ. ಮೊಬೈಲಿನಲ್ಲಿ ಸ್ಕ್ಯಾನ್ ಮಾಡಿ ವಾಟ್ಸ್ಆ್ಯಪಿಗೆ ಹಾಕುವಾಗ ಕಪ್ಪು ಬಿಳುಪು ಫಿಲ್ಟರ್ ಒತ್ತಿದರೂ ಇದೇ ಆಗುತ್ತದೆ. ಬೂದು ಅನ್ನುವುದೇ ಅಲ್ಲಿ ಉಳಿಯುವುದಿಲ್ಲ.

ಅಂಗಡಿಯವರಿಗೆ "ಫೋಟೋ ಮೋಡಲ್ಲಿ ತೆಗೀರಿ" ಅಂತ ಹೇಳಬಹುದು, ಹೇಳಿದರೆ ಒಳ್ಳೆಯದೇ. ಆದರೆ ನಿಮ್ಮ ಎದುರಿಗೆ ಆಗುವುದು ಮೊದಲ ಜೆರಾಕ್ಸ್ ಮಾತ್ರ. ಮುಂದಿನದು ಯಾವ ಅಂಗಡಿಯಲ್ಲಿ, ಯಾವ ಯಂತ್ರದಲ್ಲಿ ಅಂತ ಯಾರು ಬಲ್ಲರು?

ನನ್ನ ಲೆಕ್ಕದಲ್ಲಿ ಒಂದು ಚಾರ್ಟಿನಲ್ಲಿ ನಂಬಬಹುದಾದ ಛಾಯೆ ಎರಡೇ: ಕಪ್ಪು ಅಂಚಿರುವ ಬಿಳಿ, ಮತ್ತು ಕಪ್ಪು. ಮೂರನೆಯದು ತೀರಾ ಬೇಕಿದ್ದರೆ ಬೂದು ಬೇಡ, ಅಗಲ ಅಗಲವಾಗಿ ಓರೆ ಗೆರೆ ಎಳೆದ ಬಾರ್ ಇರಲಿ. ಗೆರೆ ಅನ್ನುವುದು ಪೂರ್ತಿ ಕಪ್ಪು, ಚುಕ್ಕೆಗಳಲ್ಲ. ಹಾಗಾಗಿ ಟೆಕ್ಸ್ಟ್ ಮೋಡು ಅದನ್ನು ಅಕ್ಷರದ ಹಾಗೆ ಉಳಿಸಿಕೊಳ್ಳುತ್ತದೆ. ಎಕ್ಸೆಲ್‌ನಲ್ಲಿ `Pattern fill` ಒಳಗೆ `Wide upward diagonal` ಅಂತ ಇದೆ, ಅದನ್ನೇ ಆರಿಸಿ. ಒತ್ತೊತ್ತಾಗಿ ಇರುವ ಸಣ್ಣ ಗೆರೆಗಳು ಜೆರಾಕ್ಸಿನಲ್ಲಿ ಒಂದಕ್ಕೊಂದು ಅಂಟಿ ಮತ್ತೆ ಬೂದುಬಣ್ಣವೇ ಆಗುತ್ತವೆ. ಪರದೆಯ ಮೇಲೆ ಕಂಡ ಗೆರೆಯ ಅಂತರ ಕಾಗದದ ಮೇಲೆ ಬೇರೆ ಇರಬಹುದು, ಆದ್ದರಿಂದ ಒಂದು ಪ್ರಿಂಟ್ ತೆಗೆದು ನೋಡದೆ ಇದನ್ನು ಒಪ್ಪಬೇಡಿ. ಮತ್ತೆ, ಪಕ್ಕಪಕ್ಕದಲ್ಲಿ ಎರಡು ಬಗೆಯ ಗೆರೆಗಳನ್ನು ಹಾಕಲೇಬೇಡಿ, ಕಣ್ಣು ಕುಕ್ಕುತ್ತದೆ.

ಎರಡೇ ಛಾಯೆಯಲ್ಲಿ ಆರು ಬಾಬ್ತು

ಎರಡು ಛಾಯೆಯಲ್ಲಿ ಆರು ಬಾಬ್ತು ತೋರಿಸುವುದು ಹೇಗೆ? ಬಾಬ್ತಿನ ಹೆಸರನ್ನು ಬಣ್ಣದಿಂದ ಹೇಳುವುದನ್ನು ಬಿಟ್ಟು, ಜಾಗದಿಂದ ಹೇಳಬೇಕು. ಅಂದರೆ ಅಡ್ಡ ಬಾರ್ ಚಾರ್ಟ್. ಎಡಕ್ಕೆ ಬಾಬ್ತಿನ ಹೆಸರು, ಅದರ ಎದುರಿಗೆ ಅದರದ್ದೇ ಬಾರ್, ಬಾರಿನ ತುದಿಯಲ್ಲಿ ಅಂಕಿ. ಹುಡುಕುವ ಕೆಲಸವೇ ಇಲ್ಲ. ಚೂರಿಗೂ ಚೌಕಕ್ಕೂ ಬಣ್ಣ ಹೊಂದಿಸುವ ಕೆಲಸ ತಪ್ಪಿದ ಮೇಲೆ, ಜೆರಾಕ್ಸಿಗೆ ಹಾಳುಮಾಡಲು ಅಲ್ಲಿ ಏನೂ ಉಳಿದಿರುವುದಿಲ್ಲ.

ಅಡ್ಡ ಬಾರ್ ಅನ್ನಲು ಇನ್ನೊಂದು ಕಾರಣ ಕನ್ನಡ. "ಕುಡಿಯುವ ನೀರು", "ಸಿಬ್ಬಂದಿ ವೇತನ" ಉದ್ದದ ಹೆಸರುಗಳು. ನಿಂತ ಬಾರಿನ ಕೆಳಗೆ ಇವನ್ನು ಹಾಕಿದರೆ ಎಕ್ಸೆಲ್ ಓರೆಯಾಗಿ ತಿರುಗಿಸಿಬಿಡುತ್ತದೆ. ಓರೆಯಾದ ಸಣ್ಣ ಕನ್ನಡ ಅಕ್ಷರ ಎರಡು ಜೆರಾಕ್ಸ್ ಆದಮೇಲೆ ಓದುವುದು ಕಷ್ಟ.

ನಮ್ಮ ಕೋಷ್ಟಕದಲ್ಲಿ ಪ್ರತಿ ಬಾಬ್ತಿಗೆ ಎರಡು ಅಂಕಿ ಇವೆ, ಅಂದಾಜು ಮತ್ತು ಆದ ಖರ್ಚು. ಇದಕ್ಕೆ ನನಗೆ ತುಂಬಾ ಇಷ್ಟವಾದ ರೂಪ ಒಂದಿದೆ. ಅಂದಾಜನ್ನು ಅಗಲವಾದ ಬಿಳಿ ಬಾರಾಗಿ, ಕಪ್ಪು ಅಂಚಿನೊಂದಿಗೆ ಹಾಕಿ. ಆದ ಖರ್ಚನ್ನು ಅದರೊಳಗೆ ಸಣ್ಣ ಕಪ್ಪು ಬಾರಾಗಿ ಕೂರಿಸಿ. ಕಪ್ಪು ಬಾರ್ ಬಿಳಿ ಪೆಟ್ಟಿಗೆಯೊಳಗೇ ನಿಂತರೆ ಹಣ ಉಳಿದಿದೆ. ಪೆಟ್ಟಿಗೆ ದಾಟಿ ಹೊರಗೆ ಬಂದರೆ ಖರ್ಚು ಮೀರಿದೆ. ಕೆಂಪು ಹಸಿರು ಹೇಳಬೇಕಾಗಿದ್ದ ಮಾತನ್ನು ಇಲ್ಲಿ ಆಕಾರವೇ ಹೇಳುತ್ತದೆ. ಕುಡಿಯುವ ನೀರಿನ ಕಪ್ಪು ಬಾರ್ 18ರ ಪೆಟ್ಟಿಗೆ ದಾಟಿ 21.5ಕ್ಕೆ ಹೋಗಿರುತ್ತದೆ. ರಸ್ತೆಯ ಪೆಟ್ಟಿಗೆ 24ರವರೆಗೆ ಇದ್ದರೂ ಕಪ್ಪು ಬಾರ್ 16.2ಕ್ಕೇ ನಿಂತು, ಮುಂದೆ ಖಾಲಿ ಜಾಗ ಎದ್ದು ಕಾಣುತ್ತದೆ. ಗ್ರಾಮ ಸಭೆಯಲ್ಲಿ ಕೇಳಬೇಕಾದ ಎರಡು ಪ್ರಶ್ನೆ ಚಾರ್ಟಿನಲ್ಲೇ ಕಾಣುತ್ತವೆ: ನೀರಿಗೆ ಮೂರೂವರೆ ಲಕ್ಷ ಜಾಸ್ತಿ ಯಾಕಾಯಿತು, ರಸ್ತೆ ಕೆಲಸ ಯಾಕೆ ನಿಂತಿತು.

ಎಕ್ಸೆಲ್‌ನಲ್ಲಿ ಮಾಡುವುದು ಹೀಗೆ. ಒಟ್ಟಿನ ಸಾಲನ್ನು ಬಿಟ್ಟು ಉಳಿದ ಸಾಲುಗಳನ್ನು ಆರಿಸಿ `Clustered Bar` ಹಾಕಿ. ಒಟ್ಟು ಸೇರಿದರೆ 75ರ ಬಾರ್ ಮುಂದೆ ಮಿಕ್ಕವೆಲ್ಲ ಕುಗ್ಗಿಹೋಗುತ್ತವೆ. ಆದ ಖರ್ಚಿನ ಬಾರಿನ ಮೇಲೆ ರೈಟ್ ಕ್ಲಿಕ್ ಮಾಡಿ `Format Data Series` ತೆರೆದು `Secondary Axis` ಆರಿಸಿ, ಆಗ ಎರಡು ಬಾರ್ ಒಂದರ ಮೇಲೊಂದು ಕೂರುತ್ತವೆ. ಅಂದಾಜಿನ `Gap Width` 40% ಇಡಿ, ಆದ ಖರ್ಚಿನದು 200% ಇಡಿ. ಅಂದಾಜಿಗೆ ಬಿಳಿ ತುಂಬಿ, ಒಂದೂವರೆ ಪಾಯಿಂಟ್ ದಪ್ಪದ ಕಪ್ಪು ಅಂಚು ಕೊಡಿ. ಆದ ಖರ್ಚಿಗೆ ಅಚ್ಚ ಕಪ್ಪು. ಕಡುಬೂದು ಕೊಟ್ಟರೆ ಅದು ಮತ್ತೆ ಚುಕ್ಕೆಗಳಾಗುತ್ತದೆ. ದೊಡ್ಡ ಜಾಗಕ್ಕೆ ಕಪ್ಪು ತುಂಬಿದರೆ ಹಳೆಯ ಯಂತ್ರದಲ್ಲಿ ಪಟ್ಟೆಪಟ್ಟೆಯಾಗಿ ಬರುತ್ತದೆ, ಟೋನರೂ ಖರ್ಚು. ಸಣ್ಣ ಬಾರಿಗೆ ಆ ತೊಂದರೆ ಇಲ್ಲ.

ಇಲ್ಲಿ ಒಂದು ದೊಡ್ಡ ಹಳ್ಳ ಇದೆ, ನೋಡಿಕೊಂಡು ಹೋಗಬೇಕು. ಎರಡನೇ ಅಕ್ಷ ಬಂದ ಕೂಡಲೇ ಎಕ್ಸೆಲ್ ಎರಡಕ್ಕೂ ಬೇರೆ ಬೇರೆ ಅಳತೆ ಹಾಕುತ್ತದೆ. ಅಂದಾಜಿನಲ್ಲಿ ದೊಡ್ಡದು 24, ಅದರ ಅಕ್ಷ 30ರವರೆಗೆ ಹೋಗಬಹುದು. ಆದ ಖರ್ಚಿನಲ್ಲಿ ದೊಡ್ಡದು 21.5, ಅದರ ಅಕ್ಷ 25ಕ್ಕೇ ನಿಲ್ಲಬಹುದು. ಆಗ 21.5ರ ಬಾರ್ ಮೊದಲ ಅಕ್ಷದ ಅಳತೆಯಲ್ಲಿ 25.8ರಷ್ಟು ಉದ್ದ ಕಾಣುತ್ತದೆ. 13.8ರ ಸಿಬ್ಬಂದಿ ವೇತನ 16.6ರಷ್ಟು ಕಂಡು, 14ರ ಪೆಟ್ಟಿಗೆ ದಾಟಿ ಹೊರಗೆ ಬರುತ್ತದೆ. ಮೀರದ ಖರ್ಚು ಮೀರಿದ ಹಾಗೆ ಕಾಣುತ್ತದೆ! ಆದ್ದರಿಂದ ಎರಡೂ ಅಕ್ಷಕ್ಕೆ `Minimum` 0, `Maximum` 30 ಅಂತ ಕೈಯಲ್ಲೇ ಬರೆಯಿರಿ. ಎರಡೂ ಒಂದೇ ಆಗಿವೆ ಅಂತ ಕಣ್ಣಾರೆ ನೋಡಿದ ಮೇಲೆ, ಮೇಲಿನ ಅಕ್ಷದ `Label Position` ಅನ್ನು `None` ಮಾಡಿ.

ಅಡ್ಡ ಬಾರಿನಲ್ಲಿ ಎಕ್ಸೆಲ್ ಕೋಷ್ಟಕದ ಮೊದಲ ಸಾಲನ್ನು ಕೆಳಗೆ ಹಾಕುತ್ತದೆ. ಹಾಗಾಗಿ ಅಂದಾಜನ್ನು ಸಣ್ಣದರಿಂದ ದೊಡ್ಡದಕ್ಕೆ ಜೋಡಿಸಿಟ್ಟರೆ ರಸ್ತೆ ಮೇಲೆ ಬಂದು ಕಚೇರಿ ಖರ್ಚು ಕೆಳಗೆ ಬರುತ್ತದೆ. ಚಾರ್ಟಿನೊಳಗಿನ ತಿಳಿಬೂದು ಗೆರೆಗಳನ್ನು ಅಳಿಸಿಬಿಡಿ. ಅವು ಒಂದು ಪ್ರತಿಯಲ್ಲಿ ಬಂದು ಇನ್ನೊಂದರಲ್ಲಿ ಬರದೆ ಗೊಂದಲ ಮಾಡುತ್ತವೆ. ಅಂಕಿಗಳು ಬಾರಿನ ತುದಿಯಲ್ಲಿ ಇರುವಾಗ ಅವು ಬೇಕಾಗಿಯೂ ಇಲ್ಲ. ಅಂದಾಜು ಮತ್ತು ಖರ್ಚಿನ ಅಂಕಿ ಒಂದರ ಮೇಲೊಂದು ಕೂತು ಕಲಸಿಹೋಗುತ್ತಿದ್ದರೆ, ಅಂಕಿಗಳನ್ನು ಹೆಸರಿನ ಜೊತೆಗೇ ಬರೆದುಬಿಡಿ: "ಕುಡಿಯುವ ನೀರು (18.0 / 21.5)". ಕೆಳಗೆ ಒಂದು ಸಾಲು: "ಬಿಳಿ ಪೆಟ್ಟಿಗೆ ಅಂದಾಜು, ಕಪ್ಪು ಬಾರ್ ಆದ ಖರ್ಚು. ಲಕ್ಷ ರೂಪಾಯಿಗಳಲ್ಲಿ." ಬಿಳಿ, ಕಪ್ಪು ಅಂತ ಬರೆದರೆ ಯಾವ ಜೆರಾಕ್ಸಿನಲ್ಲೂ ಮಾತು ಸುಳ್ಳಾಗುವುದಿಲ್ಲ. "ನೀಲಿ ಬಾರ್ ನೋಡಿ" ಅಂತ ಬರೆದಿದ್ದರೆ ಓದುವವರು ನೀಲಿಯನ್ನು ಎಲ್ಲಿ ಹುಡುಕಬೇಕು?

ತಿಂಗಳು ತಿಂಗಳ ತೆರಿಗೆ ವಸೂಲಿಯಂಥದ್ದಕ್ಕೆ ಗೆರೆ ಚಾರ್ಟ್ ಹಾಕುವಾಗಲೂ ಇದೇ ವಿಚಾರ. ಈ ವರ್ಷದ್ದು ದಪ್ಪ ಗೆರೆ, ಹಿಂದಿನ ವರ್ಷದ್ದು ತುಂಡು ಗೆರೆ. ವರ್ಷವನ್ನು ಗೆರೆಯ ತುದಿಯಲ್ಲೇ ಬರೆಯಿರಿ. ನಾಲ್ಕು ಗೆರೆ ಬೇಕಾದರೆ ಎರಡು ಚಾರ್ಟ್ ಮಾಡಿ.

ಒತ್ತಕ್ಷರದ ಗತಿ

ಬಾರುಗಳು ಉಳಿದು ಅಕ್ಷರ ಹೋದರೆ ಪ್ರಯೋಜನ ಇಲ್ಲ. ಕನ್ನಡದಲ್ಲಿ ಮೊದಲು ಪೆಟ್ಟು ತಿನ್ನುವುದು ಸಾಲಿನ ಕೆಳಗಿರುವ ಒತ್ತು. "ನೈರ್ಮಲ್ಯ" ಅನ್ನುವ ಪದವನ್ನೇ ತೆಗೆದುಕೊಳ್ಳಿ. ಅದರಲ್ಲಿ ಅರ್ಕಾವೊತ್ತೂ ಇದೆ, ಯ ಒತ್ತೂ ಇದೆ. 8 ಪಾಯಿಂಟ್‌ನಲ್ಲಿ ಹಾಕಿದರೆ ಮೊದಲ ಪ್ರಿಂಟಿನಲ್ಲಿ ಓದಬಹುದು. ಜೆರಾಕ್ಸಿನ ಜೆರಾಕ್ಸಿನಲ್ಲಿ ಯ ಒತ್ತಿನ ಒಳಗಿನ ಬಿಳಿ ಜಾಗ ಮುಚ್ಚಿಕೊಂಡು ಒಂದು ಕಪ್ಪು ಗಂಟಾಗುತ್ತದೆ. ಬೋಲ್ಡ್ ಮಾಡಿದರೆ ಸರಿಹೋಗುತ್ತದೆ ಅಂದುಕೊಳ್ಳುತ್ತಾರೆ, ಸಣ್ಣ ಅಳತೆಯಲ್ಲಿ ಬೋಲ್ಡ್ ಇನ್ನೂ ಬೇಗ ಮುಚ್ಚಿಕೊಳ್ಳುತ್ತದೆ. ದೊಡ್ಡದು ಮಾಡುವುದೇ ದಾರಿ. ಚಾರ್ಟಿನೊಳಗೆ 11 ಪಾಯಿಂಟಿಗಿಂತ ಕಡಿಮೆ ಇಳಿಯಬೇಡಿ. ತುಂಗಾ ಫಾಂಟು ಅದೇ ಪಾಯಿಂಟಿನಲ್ಲಿ ಬೇರೆಯವಕ್ಕಿಂತ ಸಣ್ಣದಾಗಿ, ತೆಳ್ಳಗೆ ಬರುತ್ತದೆ. ಅದನ್ನೇ ಬಳಸುವುದಾದರೆ ಇನ್ನೂ ಎರಡು ಮೂರು ಪಾಯಿಂಟ್ ಏರಿಸಿ. ನಿರ್ಮಲ ಯುಐ ಅಥವಾ ನೋಟೊ ಸ್ಯಾನ್ಸ್ ಕನ್ನಡ ಈ ಕೆಲಸಕ್ಕೆ ವಾಸಿ. ಎಕ್ಸೆಲ್ ಚಾರ್ಟಿನ ಅಕ್ಷರಕ್ಕೆ ತಾನಾಗಿ ಕಡುಬೂದು ಬಣ್ಣ ಕೊಟ್ಟಿರುತ್ತದೆ, ಅದನ್ನು ಕಪ್ಪು ಮಾಡುವುದನ್ನು ಮರೆಯಬೇಡಿ.

ಯೂನಿಕೋಡ್ ಅಲ್ಲದ ಹಳೆಯ ನುಡಿ ಅಕ್ಷರದಲ್ಲಿ ಟೈಪ್ ಮಾಡಿದ ಫೈಲನ್ನು ಹಾಗೇ ಪೆನ್‌ಡ್ರೈವಿನಲ್ಲಿ ಅಂಗಡಿಗೆ ಒಯ್ದರೆ, ಅಲ್ಲಿ ಆ ಫಾಂಟ್ ಇಲ್ಲದಿದ್ದಾಗ ಹೆಸರುಗಳೆಲ್ಲ ಇಂಗ್ಲಿಷ್ ಅಕ್ಷರಗಳ ಗೋಜಲಾಗಿ ಬರುತ್ತವೆ. ಪಿಡಿಎಫ್ ಮಾಡಿಕೊಂಡು ಹೋಗಿ.

ಪರೀಕ್ಷೆ

ಪರದೆಯ ಮೇಲೆ ಮೊದಲ ನೋಟಕ್ಕೆ ವಿಂಡೋಸ್ ಸೆಟ್ಟಿಂಗ್ಸಿನ `Color filters` ಒಳಗೆ `Grayscale` ಹಾಕಿ ನೋಡಬಹುದು. ಅಲ್ಲೇ ಕೆಂಪು ಹಸಿರು ಬಣ್ಣಗುರುಡಿಗೆ ಅಂತ ಇರುವ ಫಿಲ್ಟರುಗಳು ಬೇರೆ ಕೆಲಸದವು. ಅವು ಬಣ್ಣಗುರುಡು ಇರುವವರಿಗೆ ಬಣ್ಣ ಬೇರೆಯಾಗಿ ಕಾಣಲಿ ಅಂತ ಇರುವ ಸಹಾಯ. ಅವರಿಗೆ ಹೇಗೆ ಕಾಣುತ್ತದೆ ಅನ್ನುವುದನ್ನು ಅವು ತೋರಿಸುವುದಿಲ್ಲ. ಅದಕ್ಕೆ ಕಲರ್ ಒರಾಕಲ್ ಎಂಬ ಉಚಿತ ತಂತ್ರಾಂಶ ಇದೆ. ಕಪ್ಪು ಬಿಳುಪಿನ ಚಾರ್ಟಿಗೆ ಅದರ ಅಗತ್ಯ ಬೀಳುವುದಿಲ್ಲ, ಮುಖಪುಟಕ್ಕೆ ಬಣ್ಣದ ಚಾರ್ಟ್ ಹಾಕುವವರಿಗೆ ಬೇಕಾಗುತ್ತದೆ.

ಸೂತ್ರವಾಗಲಿ ಫಿಲ್ಟರಾಗಲಿ ಯಂತ್ರದ ಬದಲಿಗೆ ನಿಲ್ಲುವುದಿಲ್ಲ. ಪ್ರತಿ ಯಂತ್ರದ ಬೆಳಕು, ಸೆನ್ಸರ್ ಬೇರೆ. ಕೆಲವು ಹಳೆಯವು ತಿಳಿನೀಲಿಯನ್ನು ಪೂರ್ತಿ ನುಂಗಿಬಿಡುತ್ತವೆ. ಆದ್ದರಿಂದ ವರದಿಯ ಚಾರ್ಟ್ ಪುಟ ಒಂದನ್ನು ಪ್ರಿಂಟ್ ತೆಗೆದು, ಹಾಸನದ ಬಸ್ ಸ್ಟ್ಯಾಂಡ್ ಹತ್ತಿರವೋ ನಿಮ್ಮ ತಾಲ್ಲೂಕು ಕಚೇರಿ ಎದುರಿನಲ್ಲೋ ಇರುವ ಮಾಮೂಲಿ ಅಂಗಡಿಗೆ ಒಯ್ಯಿರಿ. ಏನೂ ಹೇಳದೆ ಒಂದು ಜೆರಾಕ್ಸ್ ಮಾಡಿಸಿ. ಆ ಪ್ರತಿಯನ್ನೇ ಕೊಟ್ಟು ಇನ್ನೊಂದು, ಅದನ್ನು ಕೊಟ್ಟು ಮತ್ತೊಂದು. ಈ ಮೂರನೆಯದನ್ನು ಬಜೆಟ್ ನೋಡಿರದ ಒಬ್ಬರ ಕೈಗೆ ಕೊಟ್ಟು, "ಅಂದಾಜಿಗಿಂತ ಜಾಸ್ತಿ ಖರ್ಚಾಗಿರೋದು ಯಾವುದು ಹೇಳಿ" ಅಂತ ಕೇಳಿ. ನಮ್ಮ ಉದಾಹರಣೆಯಲ್ಲಿ ಅವರು ನೀರು, ಬೀದಿ ದೀಪ, ಕಚೇರಿ ಖರ್ಚು ಮೂರನ್ನೂ ಹೇಳಬೇಕು. ನೀರು ಹೇಳಿ ಉಳಿದೆರಡನ್ನು ಬಿಟ್ಟರೆ ಕಾರಣ ಸುಲಭ: ಬೀದಿ ದೀಪದಲ್ಲಿ ಮೀರಿದ್ದು 0.6, ಕಚೇರಿಯಲ್ಲಿ 0.4. 30ರ ಅಕ್ಷದಲ್ಲಿ ಅದು ಕಣ್ಣಿಗೆ ಬೀಳದಷ್ಟು ಸಣ್ಣ ಚಾಚು, ಪೆಟ್ಟಿಗೆಯ ಕಪ್ಪು ಅಂಚಿನಲ್ಲೇ ಸೇರಿಹೋಗುತ್ತದೆ. ಇದು ಈ ರೂಪದ ಮಿತಿ. ಇದಕ್ಕೆ ಬಣ್ಣ ಹಚ್ಚಿ ಪರಿಹಾರ ಹುಡುಕಬೇಡಿ. ವ್ಯತ್ಯಾಸವನ್ನೇ ಅಂಕಿಯಾಗಿ ಬರೆಯಿರಿ: +3.5, −7.8, −0.6, +0.6, −0.2, +0.4.

ಕೂಡುವ, ಕಳೆಯುವ ಗುರುತನ್ನು ಬಿಡದೆ ಹಾಕಿ. ಎಕ್ಸೆಲ್‌ನಲ್ಲಿ ಕಳೆಯುವ ಅಂಕಿಯನ್ನು ಗುರುತಿಲ್ಲದೆ ಬರೀ ಕೆಂಪಲ್ಲಿ ತೋರಿಸುವ ಒಂದು ರೂಪ ಇದೆ, ಲೆಕ್ಕದವರಿಗೆ ಅದು ರೂಢಿ. ಜೆರಾಕ್ಸಿನಲ್ಲಿ ಕೆಂಪು ಹೋದಮೇಲೆ ರಸ್ತೆಯ ಮುಂದೆ ಬರೀ 7.8 ಅಂತ ಉಳಿಯುತ್ತದೆ. ಉಳಿದ ಹಣ ಮೀರಿದ ಖರ್ಚಾಗಿ ಓದಿಸಿಕೊಳ್ಳುತ್ತದೆ. ಅದಕ್ಕೆ `Format Cells` ಒಳಗೆ `Custom`ನಲ್ಲಿ ಹೀಗೆ ಬರೆದಿಡಿ:

```
+0.0;-0.0;0.0
```

ಆ ಕಳೆಯುವ ಗುರುತು ಕೂಡ ಒಂದು ಸಣ್ಣ ಗೆರೆಯೇ. ಮೂರನೇ ಪ್ರತಿಯಲ್ಲಿ ಅದು ಮಸುಕಾಗಿದ್ದರೆ ಅಂಕಿಯ ಅಳತೆ ಏರಿಸಿ, ಅಥವಾ ಅಂಕಿಯ ಪಕ್ಕದಲ್ಲಿ "ಉಳಿಕೆ", "ಹೆಚ್ಚು" ಅಂತ ಪದವನ್ನೇ ಬರೆಯಿರಿ.